ಅತ್ತಿಗೆಯ ಮೊದಲ ಜಾಹೀರಾತು

"ನಿಮ್ಮ ಅತ್ತಿಗೆ ಅಂಗಡಿದು ಇನ್‌ಸ್ಟಾಗ್ರಾಮ್‌ನಲ್ಲಿ ಆ್ಯಡ್ ಬಿಟ್ರಂತಲ್ಲ, ಹಾಕಿದ ದುಡ್ಡು ಬಂತಾ? ನಮ್ಮ ಹುಡುಗಿನೂ ಅವಳ ಟೈಲರಿಂಗ್‌ಗೆ ಹಾಕ್ಬೇಕು ಅಂತ ಕೂತಿದಾಳೆ."

ಬಂತು ಚಿಕ್ಕಮ್ಮಾ. ಆದರೆ ಹೇಗೆ ಬಂತು ಅನ್ನೋದು ಅವಳಿಗೆ ಗೊತ್ತಾಗಬೇಕು. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇತ್ತು. ದಾವಣಗೆರೆ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಬ್ಲೌಸ್ ರಾಶಿ ಬೀಳಬೇಕಿತ್ತು, ಈ ವರ್ಷ ಬಿದ್ದಿರಲಿಲ್ಲ. ಅತ್ತಿಗೆ ದಿನಕ್ಕೆ 300 ರೂಪಾಯಿಯಂತೆ ಐದು ದಿನ ಹಾಕೋಣ ಎಂದರು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಜಾಹೀರಾತು ಒತ್ತಿದವರು ನೇರ ಅಂಗಡಿಯ ವಾಟ್ಸಾಪ್‌ಗೆ ಬರುವ ಹಾಗೆ ಮಾಡಿದೆವು. ಊರಿನ ಹೆಸರು ಕೊಟ್ಟರೆ ಸುತ್ತಲಿನ ಊರುಗಳೂ ಸೇರಿಕೊಳ್ಳುತ್ತವೆ. ಹರಿಹರದವರು ಒಂದು ಲೈನಿಂಗ್ ಬ್ಲೌಸಿಗೆ ಅಲ್ಲಿಂದ ಬರುತ್ತಾರಾ? ಅದಕ್ಕೆ ಮ್ಯಾಪಿನಲ್ಲಿ ಅಂಗಡಿಯ ಮೇಲೇ ಗುರುತು ಇಟ್ಟು, ಸುತ್ತ ಐದು ಕಿಲೋಮೀಟರ್ ಮಾತ್ರ ಸಾಕು ಎಂದು ಕೊಟ್ಟೆವು.

ಫೋಟೋಗೆ ಅಣ್ಣನ ಮಗ ನೆಟ್‌ನಿಂದ ಯಾವುದೋ ಮದುವಣಗಿತ್ತಿ ಬ್ಲೌಸ್ ತೆಗೆದುಕೊಟ್ಟ. ಅತ್ತಿಗೆ ಒಪ್ಪಲಿಲ್ಲ. "ನನ್ನ ಕೈಯಲ್ಲಿ ಆಗದ್ದನ್ನ ತೋರಿಸಿ ಕರೆದರೆ, ಬಂದವರ ಮುಂದೆ ಏನು ಹೇಳಲಿ?" ಎಂದರು. ತಾವೇ ಹೊಲಿದ ಹಸಿರು ರೇಷ್ಮೆ ಬ್ಲೌಸಿನ ಬೆನ್ನಿನ ಕಡೆ ತೋರಿಸಿದರು. ಜೊತೆಗೆ ಆರಿ ಸ್ಟ್ಯಾಂಡಿನ ಮೇಲೆ ಸೂಜಿ ಓಡುವ ಚಿಕ್ಕ ವಿಡಿಯೋ. ಅದು ಸರಿಯಾದ ನಿರ್ಧಾರ, ಆಮೇಲೆ ಹೇಳುತ್ತೇನೆ.

ಸಂಜೆ ಕಳಿಸಿದೆವು. ಪರದೆಯ ಮೇಲೆ In review ಎಂದು ಬಂತು. ಅಂದರೆ ಅವರು ಪರಿಶೀಲಿಸುತ್ತಿದ್ದಾರೆ, ಸಾಮಾನ್ಯವಾಗಿ 24 ಗಂಟೆಯೊಳಗೆ ಮುಗಿಯುತ್ತದೆ. ಅತ್ತಿಗೆ ಮಾತ್ರ ಒಂದು ತೋಳು ಹೊಲಿಯೋದು, ಫೋನ್ ನೋಡೋದು. ರಾತ್ರಿ ಊಟದ ಹೊತ್ತಿಗೆ Rejected ಎಂದು ಬಂತು. ಅವರ ಮುಖ ನೋಡಲಾಗಲಿಲ್ಲ. "ನಮ್ಮಂಥ ಸಣ್ಣ ಅಂಗಡಿಯವರಿಗೆ ಕೊಡೋದಿಲ್ವೇನೋ" ಎಂದರು. ಕಾರಣ ಅದಲ್ಲ. "ನೀವು ದಪ್ಪ ಇದ್ದೀರಾ? ಬ್ಲೌಸ್ ಸರಿಯಾಗಿ ಕೂರಲ್ವಾ?" ಎಂದು ಬರೆಸಿದ್ದರು. ನೋಡುವವರ ಮೈಕಟ್ಟಿಗೆ ಬೊಟ್ಟು ಮಾಡುವ ಮಾತು ಜಾಹೀರಾತಿನಲ್ಲಿ ನಡೆಯುವುದಿಲ್ಲ. "ಎಲ್ಲ ಅಳತೆಗೂ ಬ್ಲೌಸ್ ಹೊಲಿಯುತ್ತೇವೆ, ಹಬ್ಬಕ್ಕೆ ಈಗಲೇ ಬಟ್ಟೆ ಕೊಡಿ" ಎಂದು ಬದಲಿಸಿ ಮತ್ತೆ ಕಳಿಸಿದೆವು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ Active ಆಗಿತ್ತು.

ನಿಜವಾದ ಕಷ್ಟ ಶುರುವಾಗಿದ್ದು ಆಗಲೇ. ಮಧ್ಯಾಹ್ನದವರೆಗೆ ಇನ್ನೂರು ಚಿಲ್ಲರೆ ಜನ ನೋಡಿದ್ದರು, ಮೆಸೇಜ್ ಒಂದೂ ಇಲ್ಲ. ಅತ್ತಿಗೆ ತಮ್ಮ ಫೋನಿನಲ್ಲಿ ಹುಡುಕಿದರು, ಅಣ್ಣನ ಫೋನಿನಲ್ಲಿ ಹುಡುಕಿದರು, ಕಾಜ ಹಾಕುವ ಹುಡುಗಿಯ ಫೋನಿನಲ್ಲೂ ಹುಡುಕಿದರು. ಎಲ್ಲೂ ಕಾಣಲಿಲ್ಲ. "ದುಡ್ಡು ಹೋಗ್ತಿದೆ, ಜಾಹೀರಾತೇ ಇಲ್ಲ!" ಎಂದು ನನಗೆ ಫೋನ್ ಮಾಡಿದರು. ಅದು ಎಲ್ಲರ ಫೋನಿಗೂ ಹೋಗುವುದಿಲ್ಲ ಅಂದೆ. ಹಾಕಿದವರಿಗೇ ಕಾಣಬೇಕು ಅಂತಲೂ ಇಲ್ಲ. ಕಂಡರೂ ನೀವೇ ಒತ್ತಬೇಡಿ, ಯಾರು ಒತ್ತುತ್ತಾರೆ ಅಂತ ನೋಡಿಕೊಂಡೇ ಇನ್‌ಸ್ಟಾಗ್ರಾಮ್ ಮುಂದಿನವರನ್ನು ಹುಡುಕುತ್ತದೆ ಅಂದೆ.

ಆಗ ಅವರಿಗೆ ಫೋಟೋ ಬದಲಿಸಬೇಕು ಅನ್ನಿಸಿತು. ಬೇಡ ಎಂದು ಹಿಡಿದುಕೊಂಡೆ. ಶುರುವಿನಲ್ಲಿ ಅದು ಬೇರೆ ಬೇರೆ ಥರದವರಿಗೆ ತೋರಿಸಿ ನೋಡುತ್ತಿರುತ್ತದೆ. ಮಧ್ಯದಲ್ಲಿ ಫೋಟೋ, ಜಾಗ, ಇಂಥದ್ದನ್ನು ಬದಲಿಸಿದರೆ ಕಲಿತದ್ದನ್ನು ಬಿಟ್ಟು ಮತ್ತೆ ಮೊದಲಿಂದ ಶುರು ಮಾಡುತ್ತದೆ. ಅದು ಪೂರ್ತಿ ಹದಕ್ಕೆ ಬರಲು ವಾರಕ್ಕೆ ಐವತ್ತರ ಹತ್ತಿರ ಮೆಸೇಜ್ ಬೇಕು. 300 ರೂಪಾಯಿಯಲ್ಲಿ ಅಷ್ಟು ಬರುವುದು ಕಷ್ಟ. ಹಾಗಾಗಿ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಇದ್ದೇ ಇರುತ್ತದೆ. ಗಂಟೆಗೊಂದು ಸಲ ನೋಡಿದರೆ ಹೆದರಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಸಂಜೆ ಐದರ ಮೇಲೆ ಮೆಸೇಜ್ ಬಂದವು. ಮೊದಲನೆಯದು "ಇದರ ಬಗ್ಗೆ ಇನ್ನಷ್ಟು ತಿಳಿಯಬಹುದೇ?" ಅತ್ತಿಗೆ ಖುಷಿಯಿಂದ "ಹೇಳಿ ಮೇಡಂ" ಎಂದು ಕಳಿಸಿದರು. ಆ ಕಡೆಯಿಂದ ಸುದ್ದಿಯೇ ಇಲ್ಲ. ಎರಡನೆಯವರೂ ಹಾಗೇ. ಆ ಪ್ರಶ್ನೆ ಅವರು ಟೈಪ್ ಮಾಡಿದ್ದಲ್ಲ ಚಿಕ್ಕಮ್ಮಾ, ಮೊದಲೇ ಬರೆದಿಟ್ಟಿರುತ್ತದೆ, ಬೆರಳು ತಾಗಿಸಿದರೆ ಹೋಗುತ್ತದೆ. ಅವರನ್ನೇ "ಹೇಳಿ" ಅಂದರೆ ಏನು ಹೇಳಿಯಾರು? ಅವತ್ತು ರಾತ್ರಿ ಕೂತು ಒಂದು ಉತ್ತರ ಬರೆದೆವು. ಲೈನಿಂಗ್ ಬ್ಲೌಸ್ 500, ಆರಿ ವರ್ಕ್ 2500ರಿಂದ, ಇವತ್ತು ಕೊಟ್ಟರೆ ಇಂಥ ದಿನ ಸಿಗುತ್ತದೆ, ಸರಿಯಾಗಿ ಕೂರುವ ಒಂದು ಅಳತೆ ಬ್ಲೌಸ್ ತನ್ನಿ, ಅಂಗಡಿ ಇರುವುದು ಇಲ್ಲಿ. ಮಾರನೆಯ ದಿನದಿಂದ ಜನ ವಾಪಸ್ ಮಾತಾಡತೊಡಗಿದರು. ಆ ಹಸಿರು ಬ್ಲೌಸಿನ ಫೋಟೋ ತೋರಿಸಿ "ಇದೇ ಥರ ಬೇಕು" ಎಂದು ಇಬ್ಬರು ಬಂದರು. ತಾವೇ ಮಾಡಿದ ಕೆಲಸವಾದ್ದರಿಂದ ಅತ್ತಿಗೆ ಬೆಲೆಯನ್ನೂ ದಿನವನ್ನೂ ಅಳುಕಿಲ್ಲದೆ ಹೇಳಿದರು.

ನಾಲ್ಕನೇ ದಿನ ಮಧ್ಯಾಹ್ನ ಅತ್ತಿಗೆಗೆ ಇನ್ನೊಂದು ಹೆದರಿಕೆ ಶುರುವಾಯಿತು. ಜಾಹೀರಾತು ನೋಡಿ ಬಂದವರ ಜೊತೆಗೆ ಹಳೇ ಗಿರಾಕಿಗಳೂ ಬರತೊಡಗಿದ್ದರು. ಇರೋದು ಎರಡು ಮಿಷನ್, ಆರಿಗೆ ಒಬ್ಬಳೇ ಹುಡುಗಿ. ಹಬ್ಬದ ಹಿಂದಿನ ದಿನ ಬ್ಲೌಸ್ ಸಿಗದಿದ್ದರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಅವತ್ತು ರಾತ್ರಿ ಒಂದು ದಿನ ಬಾಕಿ ಇರುವಾಗಲೇ ತಾವೇ ನಿಲ್ಲಿಸಿದರು. ನನಗೆ ಅವರ ಮೇಲೆ ತುಂಬಾ ಹೆಮ್ಮೆ ಅನ್ನಿಸಿದ್ದು ಅಲ್ಲಿ.

ಈಗ ಲೆಕ್ಕ. ನಾಲ್ಕು ದಿನಕ್ಕೆ 1200, ಜಿಎಸ್‌ಟಿ ಸೇರಿ 1416. ಬಂದ ಮೆಸೇಜ್ 20. ಪರದೆಯಲ್ಲಿ ಒಂದಕ್ಕೆ 60 ರೂಪಾಯಿ ಎಂದು ತೋರಿಸುತ್ತದೆ, ಅಗ್ಗ ಅನ್ನಿಸುತ್ತದೆ ಅಲ್ವಾ? ಅದು ಮೆಸೇಜ್ ಶುರು ಮಾಡಿದವರ ಲೆಕ್ಕ ಅಷ್ಟೇ. ಅತ್ತಿಗೆಯ ನೋಟ್‌ಬುಕ್ಕಿನಲ್ಲಿ ಅಂಗಡಿಗೆ ಬಂದವರು ಐದು, ಬಟ್ಟೆ ಕೊಟ್ಟವರು ನಾಲ್ಕು. ಅಲ್ಲಿಗೆ ಒಬ್ಬ ಗಿರಾಕಿಗೆ 354 ರೂಪಾಯಿ ಬಿತ್ತು. ಲೈನಿಂಗ್ ಬ್ಲೌಸಿನಲ್ಲಿ ಬಟ್ಟೆ, ದಾರ, ಹುಕ್, ಕೂಲಿ ಕಳೆದು ಅವರಿಗೆ ಉಳಿಯೋದು 200. ಒಬ್ಬರು ಒಂದೇ ಬ್ಲೌಸ್ ಕೊಟ್ಟು ಹೋದರೆ ನಷ್ಟವೇ.

ನಾಲ್ಕು ಜನರಿಂದ ಏಳು ಬ್ಲೌಸ್ ಬಂದವು. ಏಳೂ ಲೈನಿಂಗ್ ಆಗಿದ್ದರೆ ಉಳಿಯುತ್ತಿದ್ದದ್ದು 1400, ಅಂದರೆ ಕೈಯಿಂದ 16 ರೂಪಾಯಿ ಹೋಗುತ್ತಿತ್ತು. ಆದರೆ ಅದರಲ್ಲಿ ಎರಡು ಆರಿ ವರ್ಕಿನವು. ಅವು ಒಂದೊಂದರಲ್ಲಿ 900 ಉಳಿಯಿತು, ಉಳಿದ ಐದರಿಂದ ಸಾವಿರ. ಒಟ್ಟು 2800, ಜಾಹೀರಾತು ಕಳೆದು 1384.

ನಿಮ್ಮ ಹುಡುಗಿಗೆ ಆರಿ ಬರುತ್ತಾ ಚಿಕ್ಕಮ್ಮಾ? ಬರೀ ಲೈನಿಂಗ್, ಫಾಲ್, ಜಿಗ್‌ಜಾಗ್ ಆದರೆ ಈ ಖರ್ಚು ಹುಟ್ಟೋದು ಕಷ್ಟ. ಬರುತ್ತದೆ ಅಂದರೆ ಅವಳೇ ಮಾಡಿದ್ದರ ಫೋಟೋ ಕಳಿಸಲಿ. ದಸರಾಕ್ಕೆ ಮುಂಚೆ ಎಷ್ಟು ಬ್ಲೌಸ್ ಮುಗಿಸಿ ಕೊಡಬಲ್ಲಳು ಅಂತಲೂ ಬರೆಯಲಿ. ಅತ್ತಿಗೆಯ ಆ ಉತ್ತರದ ಮೆಸೇಜನ್ನು ಈಗಲೇ ಗ್ರೂಪಿಗೆ ಹಾಕುತ್ತೇನೆ, ರೇಟು ಬದಲಿಸಿಕೊಂಡರೆ ಸಾಕು.