ಎಂಟನೇ ತಿಂಗಳು, ಕಾಲು ಬಾತಿದೆ. ಮುಂದಿನ ಚೆಕಪ್‌ವರೆಗೆ ಕಾಯಬಹುದಾ?

ಸೌಮ್ಯಾ: ಮೇಡಂ, ನನಗೆ 34 ವಾರ. ಎರಡೂ ಪಾದ ಬಾತುಕೊಂಡಿವೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಚಪ್ಪಲಿ ಪಟ್ಟಿ ಹಾಕೋಕೆ ಆಗಲ್ಲ. ಅತ್ತೆ "ಎಲ್ಲರಿಗೂ ಬರುತ್ತೆ" ಅಂತಾರೆ, ಅಮ್ಮ "ಡಾಕ್ಟರಿಗೆ ತೋರಿಸು" ಅಂತಾರೆ. ಚೆಕಪ್‌ಗೆ ಇನ್ನೂ ಹತ್ತು ದಿನ ಇದೆ. ಕಾಯಬಹುದಾ?

ಡಾ. ವಸುಧಾ (ಪ್ರಸೂತಿ ವೈದ್ಯೆ): ಅತ್ತೆ ಹೇಳುವುದು ಬಹಳ ಮಂದಿಗೆ ನಿಜ. ಈ ಹೊತ್ತಿಗೆ ಮೈಯಲ್ಲಿ ರಕ್ತ ಮೊದಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಇರುತ್ತದೆ. ಅದರ ಮೇಲೆ ಗರ್ಭಕೋಶದ ಭಾರ, ಕಾಲಿನಿಂದ ರಕ್ತ ವಾಪಸ್ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಇಡೀ ದಿನ ನಿಂತು ಪಾಠ ಮಾಡಿದರೆ ನೀರು ಕೆಳಗೆ ಇಳಿದು ಪಾದದಲ್ಲಿ ನಿಲ್ಲುತ್ತದೆ, ರಾತ್ರಿ ಮಲಗಿದಾಗ ಮೇಲೆ ಹೋಗುತ್ತದೆ. ಹಾಗಾಗಿ ಸಂಜೆ ಜಾಸ್ತಿ, ಬೆಳಿಗ್ಗೆ ಕಡಿಮೆ, ಎರಡೂ ಕಾಲಿಗೆ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ ಅಂತ ಕೆಲವರು ಹೆದರುತ್ತಾರೆ. ಗುಳಿ ಸಹಜ ಊತದಲ್ಲೂ ಬೀಳುತ್ತದೆ, ಕಾಯಿಲೆಯ ಊತದಲ್ಲೂ ಬೀಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಆದರೆ ಬರೀ ಪಾದ ನೋಡಿ ಹೇಳಲಾಗದು. ನನಗೆ ಇಷ್ಟು ಹೇಳಿ: ಬೆಳಿಗ್ಗೆ ಎದ್ದಾಗ ಊತ ಇಳಿದಿರುತ್ತದಾ? ಬಳೆ, ಉಂಗುರ ಬಿಗಿಯಾಗಿವೆಯಾ, ಕಣ್ಣಿನ ರೆಪ್ಪೆ ದಪ್ಪ ಆಗಿದೆಯಾ? ತಲೆನೋವು, ಕಣ್ಣು ಮಂಜು? ತಾಯಿ ಕಾರ್ಡಿನಲ್ಲಿ ಬಿಪಿ, ತೂಕ ಎಷ್ಟು ಬರೆದಿದ್ದಾರೆ?

ಗಿರಿಜಾ: ಸುಮ್ನೆ ಹೆದರಿಸಬೇಡಿ. ನನಗೆ ಮೂರು ಹೆರಿಗೆಯಲ್ಲೂ ಕಾಲು ಕಂಬದ ಹಾಗೆ ಆಗಿತ್ತು, ಏನೂ ಆಗಲಿಲ್ಲ. ಉಪ್ಪು ಪೂರ್ತಿ ಬಿಡಿ, ನೀರು ಕಡಿಮೆ ಕುಡಿಯಿರಿ, ಬಾರ್ಲಿ ಗಂಜಿ ಕುಡಿಯಿರಿ, ಕಾಲು ದಿಂಬಿನ ಮೇಲೆ ಇಡಿ. ಇಳಿಯುತ್ತೆ.

ಡಾ. ವಸುಧಾ: ಗಿರಿಜಾ ಅವರೇ, ದಿಂಬಿನ ಮಾತು ಸರಿ. ಎಡಮಗ್ಗುಲಿಗೆ ಮಲಗಿದರೆ ಇನ್ನೂ ಒಳ್ಳೆಯದು. ಬಾರ್ಲಿ ಬೇಕಿದ್ದರೆ ಕುಡಿಯಲಿ, ಆದರೆ ಅದು ಔಷಧಿ ಅಂತ ನಂಬಿ ಕೂರಬಾರದು. ನೀರು ಕಡಿಮೆ ಮಾಡಿದರೆ ಊತ ಇಳಿಯುವುದಿಲ್ಲ, ಮೂತ್ರದ ಉರಿ ಮಾತ್ರ ಬರುತ್ತದೆ. ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಲಿ, ಆದರೆ ಉಪ್ಪು ಪೂರ್ತಿ ಬಿಟ್ಟರೆ ಬಿಪಿ ಏರುವ ಕಾಯಿಲೆ ತಪ್ಪುತ್ತದೆ ಅನ್ನುವುದು ಸುಳ್ಳು. ಮೂತ್ರ ಜಾಸ್ತಿ ಹೋಗುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದಂತೂ ಬೇಡವೇ ಬೇಡ.

ಸೌಮ್ಯಾ: ಮೇಡಂ, ಮೊದಲು ಬೆಳಿಗ್ಗೆ ಇಳಿದಿರುತ್ತಿತ್ತು. ಈ ವಾರ ಇಳಿಯುತ್ತಿಲ್ಲ. ಸೀಮಂತಕ್ಕೆ ಹಾಕಿದ ಹಸಿರು ಬಳೆ ಸಡಿಲ ಇದ್ದವು, ಈಗ ತಿರುಗುವುದೇ ಇಲ್ಲ. ನಿನ್ನೆಯಿಂದ ತಲೆನೋವಿದೆ. ಪರೀಕ್ಷೆ ಪೇಪರ್ ತಿದ್ದಿದ್ದಕ್ಕೆ ಅಂದುಕೊಂಡಿದ್ದೆ. ಕಾರ್ಡಿನಲ್ಲಿ ನಾಲ್ಕನೇ ತಿಂಗಳು 108/70, ಎರಡು ವಾರದ ಹಿಂದೆ 126/82. ಆಗ ತೂಕ 61.5 ಕೆಜಿ. ಇವತ್ತು ಶಾಲೆಯ ತಕ್ಕಡಿಯಲ್ಲಿ 64.

ಡಾ. ವಸುಧಾ: ಹಾಗಾದರೆ ಹತ್ತು ದಿನ ಕಾಯಬೇಡಿ. ಇವತ್ತೇ ಹೋಗಿ, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ.

ಯಾಕೆ ಅಂತ ಹೇಳುತ್ತೇನೆ. 126/82 ತಾನಾಗಿ ಕೆಟ್ಟ ಅಂಕಿಯಲ್ಲ, ಬಿಪಿ ನಡುತಿಂಗಳುಗಳಲ್ಲಿ ಇಳಿದು ಕೊನೆಗೆ ಸ್ವಲ್ಪ ಏರುವುದು ಸಹಜ. ತೂಕವೂ ಎರಡು ಬೇರೆ ಮಷಿನ್, ಒಂದು ಕೆಜಿ ಆಚೀಚೆ ಇರಬಹುದು. ಆದರೆ ಈಗ ವಾರಕ್ಕೆ ಅರ್ಧ ಕೆಜಿ ಆಸುಪಾಸು ಏರಬೇಕು, ನಿಮ್ಮದು ಅದಕ್ಕಿಂತ ಹೆಚ್ಚು. ಕೈಗೆ ಬಂದ ಊತವನ್ನು ನಿಂತು ಪಾಠ ಮಾಡಿದ್ದಕ್ಕೆ ಅಂತ ವಿವರಿಸಲಾಗದು. ಜೊತೆಗೆ ತಲೆನೋವು. ಇವೆಲ್ಲ ಒಟ್ಟಿಗೆ ಬಂದಾಗ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೂ ತಾಗುವ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತ ನೋಡಿಸಿ. 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ, ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ. 160/110 ಬಂದರೆ ಅಡ್ಮಿಟ್, ಚರ್ಚೆಯೇ ಇಲ್ಲ. ದಾರಿಯಲ್ಲಿ ಕಣ್ಣ ಮುಂದೆ ಮಿಂಚಿದ ಹಾಗಾದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ, ವಾಂತಿ ಅಥವಾ ಉಸಿರುಕಟ್ಟು ಆದರೆ 108ಕ್ಕೆ ಫೋನ್ ಮಾಡಿ. ಆ ಪಕ್ಕೆಲುಬಿನ ನೋವನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗುವವರೇ ಜಾಸ್ತಿ. ಮಗುವಿನ ಚಲನೆ ಕಡಿಮೆ ಆಗಿದ್ದರೂ ಹೋದ ಕೂಡಲೇ ಅಲ್ಲಿ ಹೇಳಿ.

ಮಂಜುನಾಥ: ನಮ್ಮ ತಾಯಿಗೆ 62 ವರ್ಷ, ಅವರಿಗೂ ಸಂಜೆ ಕಾಲು ಊದುತ್ತೆ. ಬಿಪಿಗೆ ಅಮ್ಲೋಡಿಪಿನ್ ತಗೋತಾರೆ. ಇವತ್ತೇ ಕರೆದುಕೊಂಡು ಹೋಗಬೇಕಾ?

ಡಾ. ವಸುಧಾ: ಇದು ಬಸುರಿಯರ ಪ್ರಶ್ನೆ ಮಂಜುನಾಥ್. ಆ ಮಾತ್ರೆಯಿಂದಲೂ ಕಾಲು ಊದುವುದುಂಟು. ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಉಬ್ಬಸ ಇದ್ದರೆ ಇವತ್ತೇ ಹೋಗಿ.

ರೇಷ್ಮಾ: ನನ್ನದು ಬೇರೆ ಕಥೆ. ಏಳನೇ ತಿಂಗಳಲ್ಲಿ ಎಡಗಾಲು ಮಾತ್ರ ಊದಿತು. ಮೀನಖಂಡ ಬಿಸಿ, ನಡೆದರೆ ನೋವು. ಸ್ನಾಯು ಸೆಳೆತ ಅಂತ ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದರು. ಬಿಪಿ ನಾರ್ಮಲ್ ಇತ್ತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ಹೆರಿಗೆವರೆಗೂ, ಆಮೇಲೆ ಆರು ವಾರವೂ ಹೊಟ್ಟೆಗೆ ಇಂಜೆಕ್ಷನ್ ತಗೊಂಡೆ.

ಡಾ. ವಸುಧಾ: ಇದನ್ನು ಬರೆದದ್ದು ಒಳ್ಳೆಯದಾಯಿತು ರೇಷ್ಮಾ. ಬಿಪಿ ಸರಿ ಇದ್ದರೂ ಒಂದೇ ಕಾಲು ಊದಿದರೆ ಅದೇ ದಿನ ತೋರಿಸಬೇಕು. ಹೆಪ್ಪು ಎಡಗಾಲಿಗೇ ಹೆಚ್ಚು ಬರುತ್ತದೆ, ಆ ಕಾಲಿನಿಂದ ರಕ್ತ ವಾಪಸ್ ಒಯ್ಯುವ ರಕ್ತನಾಳದ ಮೇಲೆ ಹೊಟ್ಟೆಯೊಳಗೆ ಬಲಗಡೆಯ ಅಪಧಮನಿ ಹಾದುಹೋಗಿ ಒತ್ತುತ್ತದೆ. ಬಸುರಿನಲ್ಲಿ ಹೆಪ್ಪು ತೊಡೆಯಲ್ಲೋ ಇನ್ನೂ ಮೇಲೋ ಇರಬಹುದು, ಆಗ ಮೀನಖಂಡ ಅಷ್ಟೇನೂ ನೋಯುವುದಿಲ್ಲ, ಇಡೀ ಕಾಲು ದಪ್ಪ ಕಾಣುತ್ತದೆ. ತಿಕ್ಕಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಎದೆನೋವು, ಏದುಸಿರು ಬರುತ್ತದೆ, ಅದು 108ರ ಕೆಲಸ.

ಶಾಂತಮ್ಮ (ಆಶಾ ಕಾರ್ಯಕರ್ತೆ): ಮೇಡಂ, ನಮ್ಮ ಹಳ್ಳಿಯಲ್ಲಿ ಒಬ್ಬಳಿಗೆ ಊತ ಚೂರೂ ಇರಲಿಲ್ಲ, ಬಿಪಿ 150/100 ಬಂತು. ಊತ ಇಲ್ಲ ಅಂತ ಅವಳು ಹೋಗೋಕೆ ಒಪ್ಪಲಿಲ್ಲ.

ಡಾ. ವಸುಧಾ: ಹಾಗೂ ಆಗುತ್ತದೆ. ಊತ ಇದ್ದವರಲ್ಲಿ ಬಹಳ ಮಂದಿಗೆ ಬಿಪಿ ಸರಿಯೇ ಇರುತ್ತದೆ, ಬಿಪಿ ಏರಿದವರಲ್ಲಿ ಕೆಲವರಿಗೆ ಊತವೇ ಇರುವುದಿಲ್ಲ. ಅದಕ್ಕೇ ಈಗ ಈ ಕಾಯಿಲೆ ಗುರುತಿಸಲು ಊತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಪಿ ಮತ್ತು ಪರೀಕ್ಷೆಗಳನ್ನು ನೋಡುತ್ತೇವೆ. ಊತ ಅಂದರೆ ಹೋಗಿ ಬಿಪಿ ನೋಡಿಸಿಕೊಳ್ಳುವುದಕ್ಕೆ ಒಂದು ಕಾರಣ, ಅಷ್ಟೇ. ಊತ ಇದ್ದವರ ರಕ್ತಹೀನತೆಯನ್ನೂ ನೋಡಿಸಿ, ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದರೂ ಮೈ ಊದುತ್ತದೆ.

ಸೌಮ್ಯಾ: ಹೋಗಿ ಬಂದೆ ಮೇಡಂ. ಮೊದಲು 138/88, ಅರ್ಧ ಗಂಟೆ ಕೂರಿಸಿ ನೋಡಿದಾಗ 134/86. ಮೂತ್ರದಲ್ಲಿ ಪ್ರೋಟೀನ್ "ಟ್ರೇಸ್" ಅಂತ ಬರೆದಿದ್ದಾರೆ. ರಕ್ತ ಪರೀಕ್ಷೆ ಸರಿ ಇದೆ. ಪ್ಯಾರಸಿಟಮಾಲ್ ಕೊಟ್ಟರು, ತಲೆನೋವು ಹೋಯಿತು. ದಿನ ಬಿಟ್ಟು ದಿನ ಬಿಪಿಗೆ ಬರಲು ಹೇಳಿದ್ದಾರೆ. ಕಾಯಿಲೆ ಇದೆಯಾ ಇಲ್ಲವಾ ಅಂದರೆ ಸರಿಯಾಗಿ ಹೇಳಲಿಲ್ಲ.

ಡಾ. ವಸುಧಾ: ಈ ಅಂಕಿ ನೋಡಿ ನಾನೂ ಹೇಳಲಾರೆ. ಗಡಿಯ ಈಚೆಗೇ ಇದೆ. ಹೀಗೇ ನಿಲ್ಲಬಹುದು, ಒಂದು ವಾರದಲ್ಲಿ ದಾಟಲೂಬಹುದು. ಮನೆಯಲ್ಲಿ ಮಷಿನ್ ಇದ್ದರೆ ಐದು ನಿಮಿಷ ಸುಮ್ಮನೆ ಕುಳಿತು, ಪಾದ ನೆಲದ ಮೇಲಿಟ್ಟು, ತೋಳು ಎದೆಯ ಮಟ್ಟಕ್ಕೆ ತಂದು ನೋಡಿ, ಕಾರ್ಡಿನ ಹಿಂದೆ ಬರೆಯಿರಿ. ತಲೆನೋವು ಮತ್ತೆ ಬಂದು ಪ್ಯಾರಸಿಟಮಾಲ್‌ಗೆ ಹೋಗದಿದ್ದರೆ ಮುಂದಿನ ದಿನಕ್ಕೆ ಕಾಯಬೇಡಿ, ರಾತ್ರಿಯಾದರೂ ಹೋಗಿ. ಹೆರಿಗೆ ಆದ ಮೇಲೂ ಮೊದಲ ಕೆಲವು ದಿನ ಪಾದ ಇನ್ನಷ್ಟು ಊದುವುದುಂಟು, ಅದಕ್ಕೆ ಗಾಬರಿ ಬೇಡ. ಆದರೆ ಬಿಪಿ ಆಗಲೂ ಏರಬಹುದು, ಹಾಗಾಗಿ ತವರಿಗೆ ಹೋದರೂ ಬಾಣಂತನದ ಆರು ವಾರ ತಲೆನೋವು, ಕಣ್ಣು ಮಂಜು, ಒಂದೇ ಕಾಲಿನ ಊತಕ್ಕೆ ಇದೇ ನಿಯಮ ಅಂತ ಅಮ್ಮನಿಗೆ ಈಗಲೇ ಹೇಳಿಡಿ.