ಹೊಟ್ಟೆ ಜೋತಿದೆ, ನಾಯಿ ದಪ್ಪವಾ? ಡಾಕ್ಟರ ಜೊತೆ ಪ್ರಶ್ನೋತ್ತರ

ಪೆರ್ಲದ ಸದಸ್ಯೆ: ಡಾಕ್ಟ್ರೇ, ನಮ್ಮ ಊರನಾಯಿಗೆ 6 ವರ್ಷ. ಮೇಲಿಂದ ಒಂದು, ಬದಿಯಿಂದ ಒಂದು ಫೋಟೋ ಹಾಕಿದ್ದೇನೆ. ಹೊಟ್ಟೆ ಜೋತು ಬಿದ್ದಿದೆ. ಅನ್ನ ಕಡಿಮೆ ಮಾಡಲಾ?

ಡಾಕ್ಟರ್: ಬೇಡ ಅಕ್ಕ. ಬದಿಯ ಫೋಟೋ ಒಂದನ್ನೇ ನೋಡಿದರೆ ದಪ್ಪ ಅನಿಸುವುದು ಸಹಜ. ಎದೆಗೂಡು ಮುಗಿದ ಮೇಲೆ ಹೊಟ್ಟೆಯ ಗೆರೆ ಹಿಂಗಾಲಿನ ಕಡೆಗೆ ಮೇಲೇರಬೇಕಿತ್ತು, ಇಲ್ಲಿ ಇಳಿದಿದೆ. ಆದರೆ ಮೇಲಿನ ಫೋಟೋ ನೋಡಿ. ಬೆನ್ನಿನ ಗಂಟುಗಳನ್ನು ಎಣಿಸಬಹುದು, ಸೊಂಟದ ಎರಡೂ ಮೂಳೆ ಎದ್ದಿವೆ. ಕೊಬ್ಬು ಬಂದಿದ್ದರೆ ಪಕ್ಕೆಲುಬು, ಬೆನ್ನು, ಬಾಲದ ಬುಡ ಎಲ್ಲವೂ ಮುಚ್ಚಿಹೋಗುತ್ತಿತ್ತು. ಇದು ಸೊರಗಿದ ನಾಯಿ. ಹೊಟ್ಟೆಯೊಳಗೆ ಬೇರೇನೋ ತುಂಬಿದೆ. ಗಂಡಾ, ಹೆಣ್ಣಾ? ವಸಡಿನ ಬಣ್ಣ ಹೇಗಿದೆ?

ಪೆರ್ಲದ ಸದಸ್ಯೆ: ಗಂಡು. ವಸಡು ಬಿಳಿಚಿದೆ. ಓಡಿದರೆ ಏದುತ್ತಾನೆ.

ಕುಂಬಳೆಯ ಸದಸ್ಯ: ನಮ್ಮ ಲ್ಯಾಬ್ ಕೂಡ ಹಾಗೇ. ಅದು ತಳಿಯ ಗುಣ.

ಡಾಕ್ಟರ್: ನಿಮ್ಮದು ಊಟದ ಗುಣ. ಮೇಲಿಂದ ನೋಡಿದರೆ ಸೊಂಟವೇ ಇಲ್ಲ.

ಮುಳ್ಳೇರಿಯದ ಸದಸ್ಯ: ಮುಧೋಳ ನಾಯಿಗೂ ಪಕ್ಕೆಲುಬು ಕಾಣುತ್ತದಲ್ವಾ? ಮೂಳೆ ಕಂಡರೆ ರೋಗ ಅಂತ ಅಕ್ಕನನ್ನು ಸುಮ್ನೆ ಹೆದರಿಸಬೇಡಿ.

ಡಾಕ್ಟರ್: ಪಕ್ಕೆಲುಬಿನ ಮಾತು ಸರಿ, ಆ ತಳಿಯಲ್ಲಿ ಕೊನೆಯ ಒಂದೆರಡು ಕಂಡರೆ ಚಿಂತೆಯಿಲ್ಲ. ಆದರೆ ಅವುಗಳ ಬೆನ್ನಿನ ಎರಡೂ ಬದಿ ಮಾಂಸ ತುಂಬಿರುತ್ತದೆ, ಹೊಟ್ಟೆ ಚೆನ್ನಾಗಿ ಒಳಸರಿದಿರುತ್ತದೆ. ಇಲ್ಲಿ ಎರಡೂ ಇಲ್ಲ.

ಬದಿಯಡ್ಕದ ಸದಸ್ಯೆ: ಹುಳ ಇರಬೇಕು. ಬೆಳ್ಳುಳ್ಳಿ ಅರೆದು ತೆಂಗಿನೆಣ್ಣೆಯಲ್ಲಿ ಮೂರು ದಿನ ಕೊಡಿ, ವಾಟ್ಸಾಪ್‌ನಲ್ಲಿ ಬಂದಿತ್ತು.

ಡಾಕ್ಟರ್: ಕೊಡಬೇಡಿ! ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ವಸಡು ಬಿಳಿಚಿದ ನಾಯಿಗೆ ಅದನ್ನೇ ಕೊಡುವುದಾ? ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಕೇಳಿ.

ಬದಿಯಡ್ಕದ ಸದಸ್ಯೆ: ನಮ್ಮ ಅಜ್ಜಿ ಕೊಡುತ್ತಿದ್ದರು. ಒಂದು ನಾಯಿಯೂ ಸಾಯಲಿಲ್ಲ.

ಮುಳ್ಳೇರಿಯದ ಸದಸ್ಯ: ಆಗ ಲೆಕ್ಕ ಇಟ್ಟವರು ಯಾರು?

ಬದಿಯಡ್ಕದ ಸದಸ್ಯೆ: ನಿಮ್ಮನ್ನು ಕೇಳಲಿಲ್ಲ.

ಡಾಕ್ಟರ್: ಪೆರ್ಲದ ಅಕ್ಕ, ಒಂದು ಅಂಗೈಯನ್ನು ಹೊಟ್ಟೆಯ ಬದಿಗೆ ಇಡಿ, ಇನ್ನೊಂದು ಬದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲೆ ಬಂದು ಅಂಗೈಗೆ ತಾಗಿದರೆ ನೀರು ತುಂಬಿರಬಹುದು. ತಾಗದಿದ್ದರೂ ನೀರಿಲ್ಲ ಅಂತ ಅಲ್ಲ, ಕಡಿಮೆಯಿದ್ದರೆ ಗೊತ್ತಾಗದು. ಒತ್ತಬೇಡಿ. ನಿದ್ದೆಯಲ್ಲಿರುವಾಗ ಉಸಿರು ಎಣಿಸಿ, ನಿಮಿಷಕ್ಕೆ 30 ದಾಟಿದರೆ ರಾತ್ರಿಯಾದರೂ ಹೊರಡಿ. ಸೊಳ್ಳೆಯಿಂದ ಬರುವ ಹೃದಯದ ಹುಳ, ಲಿವರ್, ಕರುಳಿನಿಂದ ಪ್ರೋಟೀನ್ ಸೋರಿಕೆ, ಒಳಗೆ ಗಡ್ಡೆ, ಯಾವುದೂ ಇರಬಹುದು. ಫೋಟೋದಿಂದ ಇದಕ್ಕಿಂತ ಮುಂದೆ ಹೋಗಲಾಗದು. ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಬೇಕು. ಅಲ್ಲಿವರೆಗೆ ಹುಳದ ಔಷಧವನ್ನೂ ಹಾಕಬೇಡಿ.

ಉಪ್ಪಳದ ಸದಸ್ಯ: ಪೊಮೇರಿಯನ್ ಫೋಟೋ ಹಾಕಿದ್ದೇನೆ. ದಪ್ಪವಾ?

ಡಾಕ್ಟರ್: ಕಾಣುವುದು ಕೂದಲು. ಕೈಯಾಡಿಸಿ ಪಕ್ಕೆಲುಬು ಹುಡುಕಿ.

ಉಪ್ಪಳದ ಸದಸ್ಯ: ಹುಡುಕುವುದು ಹೇಗೆ?

ಕುಂಬಳೆಯ ಸದಸ್ಯ: ನಮ್ಮ ಲ್ಯಾಬ್‌ಗೆ ಎಷ್ಟು ಅನ್ನ ಹಾಕಬೇಕು ಅಂತ ಹೇಳಲೇ ಇಲ್ಲ.

ಪೆರ್ಲದ ಸದಸ್ಯೆ: ಅಲೆ ಅಂಗೈಗೆ ತಾಗಿತು ಡಾಕ್ಟ್ರೇ. ಉಸಿರು 38.

ಡಾಕ್ಟರ್: ಈಗಲೇ ಹೊರಡಿ. ಕಾರಿನಲ್ಲಿ ಬೆನ್ನ ಮೇಲೆ ಮಲಗಿಸಬೇಡಿ.