ನ್ಯೂಸ್‌ಲೆಟರ್ ಕಳಿಸಿದ ದಿನವೇ ಅಂಗಡಿಯ ಇಮೇಲ್ ಖಾತೆ ಅಮಾನತು: ಮತ್ತೆ ತೆರೆಸುವುದು ಹೇಗೆ?

ಬುಗುರಿ_ಚನ್ನಪಟ್ಟಣ:
ನಮ್ಮದು ಚನ್ನಪಟ್ಟಣದಲ್ಲಿ ಮರದ ಆಟಿಕೆಗಳ ಸಣ್ಣ ವ್ಯಾಪಾರ. ದಸರಾ ಗೊಂಬೆಗಳ ಹೊಸ ದರಪಟ್ಟಿಯನ್ನು ಪ್ರತಿ ವರ್ಷದಂತೆ ಈ ವರ್ಷವೂ ಗ್ರಾಹಕರಿಗೆ ಇಮೇಲ್‌ನಲ್ಲಿ ಕಳಿಸಿದೆವು. ಅಂದೇ ಸಂಜೆ ಖಾತೆ ಬಂದ್ ಆಯಿತು. ಸಹಾಯ ವಿಭಾಗಕ್ಕೆ ಬರೆದರೆ, ‘ನೀವು ಬಳಕೆಯ ನಿಯಮ ಮೀರಿದ್ದೀರಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಪಟ್ಟಿಯಲ್ಲಿರುವವರೆಲ್ಲರೂ ನಮ್ಮಲ್ಲಿ ಖರೀದಿ ಮಾಡಿದವರೇ. ಯಾರ ವಿಳಾಸವನ್ನೂ ನಾವು ದುಡ್ಡು ಕೊಟ್ಟು ತಂದಿಲ್ಲ. ವರ್ಷದ ವ್ಯಾಪಾರ ಕುದುರುವ ಹೊತ್ತಿನಲ್ಲಿಯೇ ಹೀಗಾದರೆ ಏನು ಮಾಡುವುದು? ಖಾತೆಯನ್ನು ಬೇಗ ಮರಳಿ ಪಡೆಯುವ ದಾರಿ ತಿಳಿದವರು ದಯವಿಟ್ಟು ಹೇಳಿ.

ಡಿಎನ್ಎಸ್_ದಾಸ:
ಇಂಥ ತೊಂದರೆಗಳ ಬೇರು ಡಿಎನ್ಎಸ್ ದಾಖಲೆಗಳಲ್ಲಿಯೇ ಇರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಎರಡೂ ಸಗಟು ಮೇಲ್ ಕಳಿಸುವವರಿಗೆ, ಮೇಲ್ ನಿಜಕ್ಕೂ ಆ ಡೊಮೇನಿನದೇ ಎಂದು ದೃಢೀಕರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿವೆ. ನಿಮ್ಮ ಎಸ್‌ಪಿಎಫ್ ದಾಖಲೆಯನ್ನು ಇಲ್ಲಿ ಹಾಕಿ, ಒಂದು ಕ್ಷಣದಲ್ಲಿ ತಪ್ಪು ಹುಡುಕಿಕೊಡುತ್ತೇನೆ.

ಜೇನುಗೂಡು_ಶಿರಸಿ:
ನಮಗೂ ಹೋದ ವರ್ಷ ಹೀಗೇ ಆಗಿತ್ತು. ಜೇನುತುಪ್ಪದ ಹೊಸ ದರ ಕಳಿಸುವಾಗ ದಿನದ ಮಿತಿ ಮುಗಿಯಿತೆಂಬ ಸಂದೇಶ ಬಂದು ಮೇಲ್ ನಿಂತಿತು. ಯಾರಿಗೂ ಬರೆಯದೆ ಸುಮ್ಮನಿದ್ದೆವು, ಮರುದಿನ ತಾನಾಗಿಯೇ ಸರಿಯಾಯಿತು. ನೀವೂ 24 ಗಂಟೆ ಕಾದು ನೋಡಿ ಮೇಡಂ.

ಅಂಚೆಪೆಟ್ಟಿಗೆ_ಮೈಸೂರು:
ಕಾಯುವುದೋ ಬೇಡವೋ ಎಂದು ಹೇಳುವ ಮೊದಲು ಮೂರು ಸಂಗತಿ ಗೊತ್ತಾಗಬೇಕು. ನಿಮ್ಮ ಮೇಲ್ ಇರುವುದು ಗೂಗಲ್ ವರ್ಕ್‌ಸ್ಪೇಸ್‌ನಂಥ ಸೇವೆಯಲ್ಲೋ, ಜಾಲತಾಣದ ಜೊತೆಗೇ ಬಂದ ಶೇರ್ಡ್ ಹೋಸ್ಟಿಂಗ್‌ನಲ್ಲೋ? ಬಂದ್ ಆಗಿರುವುದು ಲಾಗಿನ್ನೋ, ಅಥವಾ ಮೇಲ್ ಕಳಿಸುವುದು ಮಾತ್ರವೋ? ಹಿಂದಿರುಗಿ ಬಂದ ಮೇಲ್‌ನಲ್ಲಿರುವ ಪಠ್ಯ ಏನು? ಅದನ್ನು ನಿಮ್ಮ ಮಾತಿನಲ್ಲಿ ಹೇಳದೆ ಇದ್ದ ಹಾಗೆಯೇ ಇಲ್ಲಿ ಹಾಕಿ.

ಶಿರಸಿಯವರು ಹೇಳಿದ್ದು ಅವರ ಸೇವೆಯ ಮಟ್ಟಿಗೆ ಸರಿ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಂದು ಖಾತೆಗೆ ದಿನಕ್ಕೆ 2,000 ಮೇಲ್‌ಗಳ ಮಿತಿಯಿದೆ. ಅದನ್ನು ದಾಟಿದರೆ ಗರಿಷ್ಠ 24 ಗಂಟೆ ತಡೆಹಿಡಿದು ಮತ್ತೆ ಬಿಡುತ್ತಾರೆ. ಆದರೆ ನಿಯಮ ಮೀರಿದ್ದೀರಿ ಎಂದು ಸಿಬ್ಬಂದಿಯೊಬ್ಬರು ಕೈಯಾರೆ ನಿಲ್ಲಿಸಿದ ಖಾತೆ ಎಷ್ಟು ಕಾದರೂ ತಾನಾಗಿ ತೆರೆಯುವುದಿಲ್ಲ.

ಬುಗುರಿ_ಚನ್ನಪಟ್ಟಣ:
ಇಷ್ಟೆಲ್ಲ ಬೇಕಾಗುತ್ತದೆಂದು ತಿಳಿದಿರಲಿಲ್ಲ. ಶೇರ್ಡ್ ಹೋಸ್ಟಿಂಗ್, ಸಿ-ಪ್ಯಾನೆಲ್ ಇದೆ. ಲಾಗಿನ್ ಆಗುತ್ತದೆ, ಗ್ರಾಹಕರ ಮೇಲ್‌ಗಳು ಬರುತ್ತಿವೆ, ನಾವು ಉತ್ತರಿಸಲು ಮಾತ್ರ ಆಗುತ್ತಿಲ್ಲ. ಥಂಡರ್‌ಬರ್ಡ್‌ನಿಂದ ಬಿಸಿಸಿಯಲ್ಲಿ ಐವತ್ತೈವತ್ತು ವಿಳಾಸ ಹಾಕಿ ಕಳಿಸಿದ್ದು. ಪಟ್ಟಿಯಲ್ಲಿ ಸುಮಾರು 1,800 ವಿಳಾಸಗಳಿವೆ. ಕೆಲವು 2016ರ ಬಿಲ್‌ಗಳಿಂದ ತೆಗೆದುಕೊಂಡವು. ಡೊಮೇನ್ ಹೆಸರು ಮಾತ್ರ ಬದಲಿಸಿದ್ದೇನೆ:

```
Domain example.in has exceeded the max defers and failures
per hour (5/5 (100%)) allowed. Message discarded.

550 Outgoing mail from "info@example.in" has been suspended.
```

ಅಂಚೆಪೆಟ್ಟಿಗೆ_ಮೈಸೂರು:
ಈ ಎರಡು ಸಂದೇಶಗಳನ್ನು ಬೇರೆಬೇರೆಯಾಗಿಯೇ ಓದಬೇಕು. ಮೊದಲನೆಯದು ಯಂತ್ರ ತಾನೇ ಹಾಕಿದ ತಡೆ. ಒಂದು ಗಂಟೆಯಲ್ಲಿ ನಿಮ್ಮ ಡೊಮೇನ್‌ನಿಂದ ಹೊರಟವುಗಳಲ್ಲಿ ತಲುಪದೆ ಹಿಂದಿರುಗಿದ ಮೇಲ್‌ಗಳ ಪಾಲು ಮಿತಿ ದಾಟಿದೆ ಎಂದು ಅದರ ಅರ್ಥ. ನೀವು ಎಷ್ಟು ಕಳಿಸಿದಿರಿ ಎಂಬುದನ್ನು ಅದು ನೋಡುವುದಿಲ್ಲ, ಎಷ್ಟು ತಲುಪಲಿಲ್ಲ ಎಂಬುದನ್ನಷ್ಟೇ ಲೆಕ್ಕ ಹಾಕುತ್ತದೆ. ಗಂಟೆಯ ಒಟ್ಟು ಮಿತಿ ಮೀರಿದ್ದರೆ ಪಠ್ಯವೇ ಬೇರೆ ಇರುತ್ತಿತ್ತು. ಅದರ ಕೊನೆಯಲ್ಲಿ ಸಾಮಾನ್ಯವಾಗಿ `Message will be reattempted later` ಎಂದಿರುತ್ತದೆ. ಎರಡನೆಯ ಸಂದೇಶ ಬಂದಿರುವುದು ಆ ಅಂಚೆಪೆಟ್ಟಿಗೆಯಿಂದ ಮೇಲ್ ಹೊರಹೋಗುವುದನ್ನೇ ಅಮಾನತು ಮಾಡಿದ್ದರಿಂದ.

2016ರ ವಿಳಾಸಗಳು ಎಂದಿರಲ್ಲ, ಕಾರಣದ ಒಂದು ಭಾಗ ಅಲ್ಲಿಯೇ ಇರಬೇಕು. ಎರಡು ವರ್ಷ ಬಳಸದ ಖಾಸಗಿ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಾ ಬಂದಿದೆ. ಹಾಗಾಗಿ ಮೂರು ವರ್ಷದ ಹಿಂದೆ ಮೇಲ್ ತಲುಪುತ್ತಿದ್ದ ಪಟ್ಟಿಯಲ್ಲೇ ಈಗ ಸತ್ತ ವಿಳಾಸಗಳು ತುಂಬಿಕೊಂಡಿರಬಹುದು. ಗ್ರಾಹಕರು ನಿಜವಾದವರೇ ಆಗಿದ್ದರೂ ಸರ್ವರ್‌ಗೆ ಕಾಣುವುದು ಕದ್ದ ಪಟ್ಟಿಗೆ ಕಳಿಸುವವನ ಚಹರೆಯೇ. ಬಿಸಿಸಿಯಲ್ಲಿ ಹಾಕಿದರೆ ಒಂದೇ ಮೇಲ್ ಎಂದು ಹಲವರು ತಿಳಿಯುತ್ತಾರೆ, ಆದರೆ ಐವತ್ತು ವಿಳಾಸವೆಂದರೆ ಲೆಕ್ಕಕ್ಕೆ ಐವತ್ತು ಮೇಲ್.

ಡಿಎನ್ಎಸ್_ದಾಸ:
ಎಸ್‌ಪಿಎಫ್ ಸರಿಯಿದ್ದಿದ್ದರೆ ಇಷ್ಟು ಮೇಲ್ ಹಿಂದಿರುಗುತ್ತಲೇ ಇರಲಿಲ್ಲ. ಇನ್ನೂ ಯಾರೂ ಆ ದಾಖಲೆಯನ್ನು ತೋರಿಸಿಲ್ಲ ಎಂಬುದನ್ನು ಗಮನಿಸಿ.

ಅಂಚೆಪೆಟ್ಟಿಗೆ_ಮೈಸೂರು:
ಎಸ್‌ಪಿಎಫ್ ನೋಡುವುದು ಮೇಲ್ ಪಡೆಯುವ ಸರ್ವರ್. ಇಲ್ಲಿ ತಡೆದಿರುವುದು ಕಳಿಸುವ ಸರ್ವರ್. ಮೇಲ್ ಬಾಗಿಲನ್ನೇ ದಾಟಿಲ್ಲ. ಹಿಂದಿರುಗಿದವುಗಳಲ್ಲಿ `5.1.1` ಎಂದಿದ್ದರೆ ಆ ವಿಳಾಸವೇ ಇಲ್ಲ, `5.7.26` ಎಂದಿದ್ದರೆ ಜಿಮೇಲ್‌ಗೆ ನಿಮ್ಮ ದೃಢೀಕರಣ ಒಪ್ಪಿಗೆಯಾಗಿಲ್ಲ. ಮೇಡಂ, ಯಾವುದು ಹೆಚ್ಚಿದೆ ನೋಡಿ ಹೇಳಿ, ಈ ವಾದ ಇಲ್ಲಿಗೇ ಮುಗಿಯುತ್ತದೆ.

ವಿಪಿಎಸ್_ಹುಬ್ಬಳ್ಳಿ:
ಶೇರ್ಡ್ ಹೋಸ್ಟಿಂಗ್ ಎಂದರೆ ಇಷ್ಟೇ. ನಾನು ಸ್ವಂತ ವಿಪಿಎಸ್‌ನಲ್ಲಿ ಪೋಸ್ಟ್‌ಫಿಕ್ಸ್ ಹಾಕಿಕೊಂಡಿದ್ದೇನೆ, ನನ್ನನ್ನು ಈವರೆಗೆ ಯಾರೂ ಅಮಾನತು ಮಾಡಿಲ್ಲ. ಸದ್ಯಕ್ಕೆ ಬೇಕಾದರೆ sales@ ಎಂದು ಇನ್ನೊಂದು ಐಡಿ ಮಾಡಿಕೊಂಡು ಉಳಿದವರಿಗೆ ಕಳಿಸಿಬಿಡಿ ಮೇಡಂ.

ಅಂಚೆಪೆಟ್ಟಿಗೆ_ಮೈಸೂರು:
ದಯವಿಟ್ಟು ಹಾಗೆ ಮಾಡಬೇಡಿ. ವಿಫಲತೆಯ ಲೆಕ್ಕ ಇಡುವುದು ಡೊಮೇನಿನ ಮೇಲೆ, ಒಂದು ಐಡಿಯ ಮೇಲಲ್ಲ. ಮೊದಲನೆಯದು ಅಮಾನತಿನಲ್ಲಿರುವಾಗ ಎರಡನೆಯದರಿಂದ ಅದೇ ಪಟ್ಟಿಗೆ ಕಳಿಸಿದರೆ ತಡೆಯನ್ನು ತಪ್ಪಿಸಿಕೊಳ್ಳಲು ಹೊರಟಿದ್ದೀರಿ ಎಂದೇ ಅವರು ಬರೆದುಕೊಳ್ಳುತ್ತಾರೆ, ಆಗ ಜಾಲತಾಣವನ್ನೂ ಸೇರಿಸಿ ಇಡೀ ಖಾತೆ ನಿಲ್ಲಬಹುದು. ಆರ್ಡರ್ ಕೇಳಿದವರಿಗೆ ಸದ್ಯ ಫೋನಿನಲ್ಲೋ ವಾಟ್ಸಾಪಿನಲ್ಲೋ ಉತ್ತರಿಸಿ.

ಈಗ ಮಾಡಬೇಕಾದ್ದು ಒಂದಿದೆ. ಸಿ-ಪ್ಯಾನೆಲ್‌ನಲ್ಲಿ `Track Delivery` ತೆರೆದು ಆ ದಿನದ ಸಾಲುಗಳನ್ನು ನೋಡಿ. ಈ ದಾಖಲೆಯನ್ನು ಕೆಲವೇ ದಿನ ಇಟ್ಟಿರುತ್ತಾರೆ, ಆದ್ದರಿಂದ ಇವತ್ತೇ ನಕಲು ಮಾಡಿಟ್ಟುಕೊಳ್ಳಿ. ಕಳಿಸಿದವರ ಜಾಗದಲ್ಲಿ info@ ಇದ್ದು, ಸಮಯ ನೀವು ಕುಳಿತು ಕಳಿಸಿದ ಹೊತ್ತೇ ಆಗಿದ್ದರೆ ಅದು ನ್ಯೂಸ್‌ಲೆಟರ್. info@ ಇದ್ದೂ ನೀವು ಮಲಗಿದ್ದ ಹೊತ್ತಿನಲ್ಲಿ ಅಪರಿಚಿತರಿಗೆ ಹೋಗಿದ್ದರೆ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿದೆ.

ಬುಗುರಿ_ಚನ್ನಪಟ್ಟಣ:
ನೋಡಿದೆ. ನ್ಯೂಸ್‌ಲೆಟರ್‌ನ ಸಾಲುಗಳು ಮಧ್ಯಾಹ್ನದವು, ಹಿಂದಿರುಗಿದವುಗಳಲ್ಲಿ ಹೆಚ್ಚಿನವು `5.1.1`. `5.7.26` ಎಲ್ಲಿಯೂ ಇಲ್ಲ. ಆದರೆ ಅವುಗಳ ನಡುವೆ ಬೇರೆ ಸಾಲುಗಳೂ ಇವೆ, ರಾತ್ರಿ ಎರಡು ಮೂರು ಗಂಟೆಯವು. ವಿಳಾಸಗಳು ರಷ್ಯಾದವು, ಜರ್ಮನಿಯವು. ಕಳಿಸಿದವರ ಜಾಗದಲ್ಲಿ info@ ಇಲ್ಲ, ಸಿ-ಪ್ಯಾನೆಲ್‌ಗೆ ಲಾಗಿನ್ ಆಗುವ ನಮ್ಮ ಯೂಸರ್ ನೇಮ್ ಇದೆ. ನಾವು ಅಂಥ ಯಾರಿಗೂ ಬರೆದಿಲ್ಲ.

ಜೇನುಗೂಡು_ಶಿರಸಿ:
ಹಾಗಾದರೆ ಪಾಸ್‌ವರ್ಡ್ ಕದ್ದಿದ್ದಾರೆ! ನಮ್ಮ ಮಾವನವರ ಬ್ಯಾಂಕ್ ಖಾತೆಗೂ ಹೀಗೇ ಮಾಡಿದ್ದರು.

ಅಂಚೆಪೆಟ್ಟಿಗೆ_ಮೈಸೂರು:
ಪಾಸ್‌ವರ್ಡ್ ಬದಲಿಸುವುದು ಒಳ್ಳೆಯದೇ, ಆದರೆ ಈ ಗುರುತು ಬೇರೆ ಕಡೆ ಬೆರಳು ಮಾಡುತ್ತದೆ. ಇಮೇಲ್ ಪಾಸ್‌ವರ್ಡ್ ಬಳಸಿ ಕಳಿಸಿದ್ದರೆ info@ ಎಂದೇ ಕಾಣುತ್ತಿತ್ತು. ಸಿ-ಪ್ಯಾನೆಲ್ ಹೆಸರು ಕಾಣುವುದು ಹೆಚ್ಚಾಗಿ ಜಾಲತಾಣದ ಒಳಗಿನ ಪಿಎಚ್‌ಪಿ ಕೋಡ್ ಮೇಲ್ ಕಳಿಸಿದಾಗ. ನಿಮ್ಮ ತಾಣದಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬ ಫಾರ್ಮ್ ಇದೆಯೇ? ತುಂಬಿದವರಿಗೆ ‘ನಿಮ್ಮ ಸಂದೇಶ ತಲುಪಿದೆ’ ಎಂದು ಅದು ಪ್ರತಿ ಕಳಿಸುತ್ತದೆಯೇ? ಕಳಿಸುವುದಾದರೆ ಬಾಟ್‌ಗಳು ಬೇರೆಯವರ ವಿಳಾಸವನ್ನೂ ತಮ್ಮ ಜಾಹೀರಾತನ್ನೂ ಅದರಲ್ಲಿ ತುಂಬುತ್ತವೆ, ನಿಮ್ಮ ತಾಣವೇ ಅದನ್ನು ಊರಿಗೆಲ್ಲ ಹಂಚುತ್ತದೆ. ನ್ಯೂಸ್‌ಲೆಟರ್‌ಗೆ ಮೊದಲೇ ಇದು ನಡೆಯುತ್ತಿದ್ದಿರಬಹುದು. ಫಾರ್ಮ್ ಇಲ್ಲವೆಂದಾದರೆ ತಾಣದೊಳಗೆ ಯಾರೋ ಕಡತ ಸೇರಿಸಿದ್ದಾರೆಯೇ ಎಂದು ಹುಡುಕಬೇಕಾಗುತ್ತದೆ, ಅದು ದೊಡ್ಡ ಕೆಲಸ.

ಬುಗುರಿ_ಚನ್ನಪಟ್ಟಣ:
ಫಾರ್ಮ್ ಇದೆ, ಪ್ರತಿ ಕಳಿಸುತ್ತದೆ, ಕ್ಯಾಪ್ಚಾ ಇಲ್ಲ. ನಮಗೆ ತಾಣ ಮಾಡಿಕೊಟ್ಟ ಹುಡುಗ ಈಗ ಬೇರೆ ಕೆಲಸದಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ.

ಅಂಚೆಪೆಟ್ಟಿಗೆ_ಮೈಸೂರು:
ಆ ಪುಟವನ್ನೇ ಸದ್ಯ ತೆಗೆದುಬಿಡಿ, ಫೋನ್ ನಂಬರ್ ಹಾಕಿದರೆ ಸಾಕು. ಅದಾದ ಮೇಲೆ ಹೋಸ್ಟಿಂಗ್‌ನವರಿಗೆ ಬರೆಯಿರಿ. ಹೊಸ ಟಿಕೆಟ್ ತೆರೆಯಬೇಡಿ, ಹಳೆಯದರಲ್ಲಿಯೇ ಮುಂದುವರಿಸಿ. ಪ್ರತಿ ಹೊಸ ಟಿಕೆಟ್ ಸರದಿಯ ಬಾಲಕ್ಕೆ ಹೋಗುತ್ತದೆ. ‘ನಾವು ಸ್ಪ್ಯಾಮ್ ಕಳಿಸುವವರಲ್ಲ’ ಎಂಬ ವಾಕ್ಯವನ್ನು ಎಲ್ಲರೂ ಬರೆಯುವುದರಿಂದ ಅದಕ್ಕೆ ಬೆಲೆಯಿಲ್ಲ. ಇಂಥ ದಿನ ಇಷ್ಟು ಹೊತ್ತಿಗೆ info@ ನಿಂದ ಹೋದ ಮೇಲ್ ನಮ್ಮದು, ವಿಳಾಸಗಳು ನಮ್ಮ ಬಿಲ್‌ಗಳವು, ಹಿಂದಿರುಗಿದವುಗಳನ್ನೆಲ್ಲ ಪಟ್ಟಿಯಿಂದ ತೆಗೆದಿದ್ದೇವೆ, ರಾತ್ರಿಯ ಮೇಲ್‌ಗಳು ಸಂಪರ್ಕ ಫಾರ್ಮ್‌ನಿಂದ ಹೋಗಿರುವಂತಿವೆ, ಅದನ್ನು ಮುಚ್ಚಿದ್ದೇವೆ, ಪಾಸ್‌ವರ್ಡ್ ಬದಲಿಸಿದ್ದೇವೆ, ಮುಂದೆ ನ್ಯೂಸ್‌ಲೆಟರ್ ಈ ಸರ್ವರ್‌ನಿಂದ ಹೋಗುವುದಿಲ್ಲ ಎಂದು ಬರೆಯಿರಿ. `Track Delivery`ಯ ಆ ಸಾಲುಗಳನ್ನೂ ಲಗತ್ತಿಸಿ.

ಕೊನೆಗೊಂದು ಕೋರಿಕೆ ಸೇರಿಸಿ: ಸರತಿಯಲ್ಲಿ ಉಳಿದಿರುವ ಮೇಲ್‌ಗಳನ್ನೆಲ್ಲ ಅಳಿಸಿದ ಮೇಲೆಯೇ ತಡೆ ತೆಗೆಯಬೇಕು. ಇದನ್ನು ಬಿಟ್ಟರೆ ಖಾತೆ ತೆರೆದ ಕೂಡಲೇ ಹಳೆಯವು ಒಟ್ಟಿಗೆ ಹೊರಟು, ಸತ್ತ ವಿಳಾಸಗಳಿಗೆ ಬಡಿದು, ಅರ್ಧ ಗಂಟೆಯಲ್ಲಿ ಮತ್ತೆ ಅಮಾನತಾಗುತ್ತದೆ. ಎರಡನೆಯ ಸಲ ಬಿಡಿಸುವುದು ಬಹಳ ಕಷ್ಟ.

ವಿಪಿಎಸ್_ಹುಬ್ಬಳ್ಳಿ:
ನ್ಯೂಸ್‌ಲೆಟರ್ ಇಲ್ಲಿಂದ ಹೋಗುವುದಿಲ್ಲ ಎಂದರೆ ಮತ್ತೆಲ್ಲಿಂದ? 1,800 ಮೇಲ್‌ಗಳಿಗೆ ತಿಂಗಳ ಬಾಡಿಗೆಯ ಸೇವೆ ಕೊಳ್ಳುವುದು ದುಂದು.

ಡಿಎನ್ಎಸ್_ದಾಸ:
ಸೇವೆ ಕೊಂಡರೆ ಎಸ್‌ಪಿಎಫ್ ಮುಟ್ಟಲೇಬೇಕಾಗುತ್ತದೆ, ಕೊನೆಗೂ ನನ್ನ ಮಾತಿಗೆ ಬಂದಿರಿ. ಹೊಸ ಸೇವೆ ಅದನ್ನು ಕೇಳಿದರೆ ಎರಡನೆಯ ದಾಖಲೆ ಸೇರಿಸಬೇಡಿ, ಇರುವ ಸಾಲಿನಲ್ಲಿಯೇ ಅವರ ಹೆಸರು ಸೇರಿಸಿ. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಹೀಗಿರಬೇಕು:

```
v=spf1 a mx include:spf.example.net ~all
```

ಅಂಚೆಪೆಟ್ಟಿಗೆ_ಮೈಸೂರು:
ಇದು ಸರಿಯಾದ ಮಾತು; include ನಂತರದ ಹೆಸರನ್ನು ಸೇವೆಯವರು ಕೊಟ್ಟಂತೆ ಹಾಕಬೇಕು. ಅಂಥ ಸೇವೆಗೆ ದುಡ್ಡು ಕೊಡುವುದು ದುಂದಲ್ಲ. ಹಿಂದಿರುಗಿದ ವಿಳಾಸವನ್ನು ಅದು ತಾನೇ ಪಟ್ಟಿಯಿಂದ ಕೈಬಿಡುತ್ತದೆ, ಬೇಡವೆಂದವರು ಹೊರಹೋಗುವ ಕೊಂಡಿಯನ್ನೂ ಇಡುತ್ತದೆ. ಆದರೆ 2016ರ ವಿಳಾಸಗಳನ್ನು ಅಲ್ಲಿಗೂ ಹಾಗೆಯೇ ಹೊತ್ತೊಯ್ದರೆ ಅವರೂ ನಿಲ್ಲಿಸುತ್ತಾರೆ. ಕಳೆದ ಎರಡು ವರ್ಷಗಳಲ್ಲಿ ಕೊಂಡವರಿಂದ ಮೊದಲು ಮಾಡಿ.

ಬುಗುರಿ_ಚನ್ನಪಟ್ಟಣ:
ಹೇಳಿದಂತೆಯೇ ಬರೆದೆ. ಇವತ್ತು ಬೆಳಿಗ್ಗೆ info@ ತೆರೆದಿದ್ದಾರೆ, ಗಂಟೆಗೆ 50ರ ಮಿತಿ ಹಾಕಿದ್ದಾರೆ. ಆರ್ಡರ್‌ಗಳಿಗೆ ಉತ್ತರಿಸಲು ಅಷ್ಟು ಸಾಕು. ಆದರೆ ಜಾಲತಾಣದಿಂದ ಹೋಗುವ ಮೇಲ್‌ಗೆ ತಡೆ ಹಾಗೆಯೇ ಇದೆ. ಫಾರ್ಮ್ ತೆಗೆದ ಮೇಲೂ ನಿನ್ನೆ ರಾತ್ರಿ ಅಂಥದೇ ಎರಡು ಸಾಲು `Track Delivery`ಯಲ್ಲಿ ಕಂಡಿವೆ ಎಂದು ಅವರು ಹೇಳುತ್ತಿದ್ದಾರೆ. ಇದು ಎಲ್ಲಿಂದ ಬರುತ್ತಿರಬಹುದು?

ಅಂಚೆಪೆಟ್ಟಿಗೆ_ಮೈಸೂರು:
ಪುಟ ತೆಗೆದರೂ ಅದರ ಹಿಂದಿನ ಪಿಎಚ್‌ಪಿ ಕಡತ ಉಳಿದಿದ್ದರೆ ಬಾಟ್‌ಗಳು ನೇರವಾಗಿ ಅದಕ್ಕೇ ಕಳಿಸುತ್ತವೆ. ಅದೂ ಹೋಗಿದೆ ಎಂದಾದರೆ ಬೇರೆ ಕಡತ ಇದೆ. ಆ ಎರಡು ಸಾಲುಗಳ ಸಮಯವನ್ನು `Raw Access` ದಾಖಲೆಯಲ್ಲಿ ಹುಡುಕಿ. ಅದೇ ನಿಮಿಷದಲ್ಲಿ `POST` ಎಂದಿರುವ ಸಾಲಿನಲ್ಲಿ ಯಾವ ಕಡತದ ಹೆಸರಿದೆ ಎಂದು ಇಲ್ಲಿ ಹಾಕಿ.